ಹೊಸ ಕೆಲಸಗಾರನಿಗೆ ಒಂದು ಪುಟ

ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದವುಗಳಾದರೂ ಅವುಗಳ ಬೆಳೆ ಒಂದೇ ಬಗೆಯದಲ್ಲ. ಭದ್ರಾ ನಾಲೆಯ ನೀರು ತಲುಪುವ ಕಡೆಗಳಲ್ಲಿ ಭತ್ತವೂ, ಚನ್ನಗಿರಿಯ ತೋಟಗಳಲ್ಲಿ ಅಡಿಕೆಯೂ, ಮಳೆಯನ್ನೇ ನಂಬಿದ ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳವೂ ಪ್ರಧಾನವಾಗಿವೆ. ಆದರೆ ಈ ಮೂರು ಬೆಳೆಗಳೂ ಹೊಲದಿಂದ ಹೊರಬಿದ್ದ ಮೇಲೆ ಗಿರಣಿಗೋ ಅಡಿಕೆ ಬೇಯಿಸುವ ಅಂಗಳಕ್ಕೋ ಗೋದಾಮಿಗೋ ಹೋಗಲೇಬೇಕಾದುದರಿಂದ, ಸುಗ್ಗಿಯ ಕೆಲವು ತಿಂಗಳುಗಳಲ್ಲಿ ಅಲ್ಲಿನ ಕೆಲಸ ಒಮ್ಮೆಗೇ ಇಮ್ಮಡಿಯಾಗುತ್ತದೆ. ಆಗ ಸೇರಿಕೊಳ್ಳುವ ಹೆಲ್ಪರುಗಳಲ್ಲಿ ಹಲವರು ಆ ಯಂತ್ರದ ಮುಂದೆ ನಿಲ್ಲುವುದು ಅದೇ ಮೊದಲು; ಕೆಲವರು ಕನ್ನಡವನ್ನೇ ಅರಿಯದ ದೂರದ ರಾಜ್ಯಗಳಿಂದ ಬಂದವರು; ಸುಗ್ಗಿ ಮುಗಿದೊಡನೆ ಬಹುಮಂದಿ ಹೊರಟೂ ಹೋಗುತ್ತಾರೆ. ಕೆಲಸದ ಕ್ರಮವನ್ನು ವಿವರಿಸುವ ಎಸ್‌ಒಪಿ ಎಂಬ ಕಡತವು, ಅದು ಇರುವ ಕಡೆಗಳಲ್ಲಿ, ಕಚೇರಿಯ ಕಪಾಟಿನೊಳಗಿರುತ್ತದೆ. ಆ ಕಡತವನ್ನು ಒಂದು ಪುಟಕ್ಕೆ ಇಳಿಸಿ ಯಂತ್ರದ ಪಕ್ಕದಲ್ಲಿ ತೂಗುಹಾಕುವುದು ಹೇಗೆ, ಹಾಗೆ ಮಾಡಿದುದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಸಮಗ್ರವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ರೂಢಿಯಲ್ಲಿರುವ ಅಭಿಪ್ರಾಯಗಳು ಎರಡು. ಕಡತದಲ್ಲಿರುವ ಪ್ರತಿಯೊಂದು ವಾಕ್ಯವೂ ಯಾವುದೋ ಅವಘಡದಿಂದ ಹುಟ್ಟಿದುದಾದುದರಿಂದ ಒಂದನ್ನೂ ಬಿಡಲಾಗದು, ಅಕ್ಷರವನ್ನು ಚಿಕ್ಕದು ಮಾಡಿ ಎಲ್ಲವನ್ನೂ ಪುಟದೊಳಗೆ ತುಂಬಬೇಕು ಎಂಬುದು ಒಂದು. ಕೆಲಸವು ಕೈಯಿಂದ ಕೈಗೆ ಬರತಕ್ಕದ್ದೇ ಹೊರತು ಕಾಗದದಿಂದ ಬರತಕ್ಕದ್ದಲ್ಲ, ಮೇಸ್ತ್ರಿಯ ಪಕ್ಕದಲ್ಲಿ ಒಂದು ವಾರ ನಿಂತರೆ ಸಾಕು ಎಂಬುದು ಇನ್ನೊಂದು. ಮೊದಲನೆಯ ಪಕ್ಷವು ಯಾರೂ ಓದಲಾರದ ಪುಟವನ್ನು ನಿರ್ಮಿಸುತ್ತದೆ. ಎರಡನೆಯದು ಮೇಸ್ತ್ರಿ ರಜೆ ಹಾಕಿದ ದಿನ ನಿರುತ್ತರವಾಗುತ್ತದೆ. ಇವೆರಡರ ನಡುವಿನ ದಾರಿಯನ್ನು ಪ್ರಪಂಚದ ಬೇರೆಬೇರೆ ಉದ್ಯೋಗಗಳು ಹೇಗೆ ಕಂಡುಕೊಂಡವೆಂಬುದನ್ನು ಮೊದಲು ನೋಡಬಹುದು.

1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ಮಾಡೆಲ್ 299 ಎಂಬ ಹೊಸ ವಿಮಾನವು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಬಿದ್ದು ಉರಿಯಿತು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ರೆಕ್ಕೆಬಾಲಗಳ ಚಲನಭಾಗಗಳು ಗಾಳಿಗೆ ಅಲುಗದಂತೆ ಹಾಕುವ ಬೀಗವನ್ನು ತೆಗೆಯುವುದು, ಅತ್ಯಂತ ನುರಿತವರೇ ಚಾಲಕರಾಗಿದ್ದರೂ, ಮರೆತುಹೋಗಿತ್ತು. ಇದಾದ ಮೇಲೆ ಚಾಲಕರು ಬರೆದುಕೊಂಡ ಪಟ್ಟಿಗಳು ವಿಮಾನ ಹಾರಿಸುವ ವಿದ್ಯೆಯನ್ನು ಬೋಧಿಸುವ ಗೋಜಿಗೆ ಹೋಗಲಿಲ್ಲ. ಬಲ್ಲವನೂ ಮರೆಯಬಹುದಾದ ಕೆಲವೇ ಸಂಗತಿಗಳನ್ನು ಹೇಳಿ ನಿಂತವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಲಕ್ಷಾಂತರ ಹೊಸಬರು ಅಮೆರಿಕದ ಕಾರ್ಖಾನೆಗಳನ್ನು ಸೇರಬೇಕಾದಾಗ, ಟಿಡಬ್ಲ್ಯುಐ ಎಂದು ಹೆಸರಾದ ತರಬೇತಿ ಕ್ರಮವು ಇದೇ ವಿಚಾರವನ್ನು ಕಾರ್ಖಾನೆಗೆ ತಂದಿತು. ಕೆಲಸವನ್ನು ಮುಂದಕ್ಕೆ ಒಯ್ಯುವ ಹಂತಗಳನ್ನು ಎಡಗಡೆಯಲ್ಲಿ ಬರೆ. ಪ್ರತಿ ಹಂತದ ಎದುರಿಗೆ ಅದರ ಮರ್ಮವನ್ನು ಬರೆ. ಕೆಲಸವನ್ನು ಕೆಡಿಸುವುದೋ ಉಳಿಸುವುದೋ ಆದುದು, ಕೆಲಸಗಾರನಿಗೆ ಗಾಯವಾಗಬಹುದಾದುದು, ಕೆಲಸವನ್ನು ಹಗುರಗೊಳಿಸುವುದು, ಈ ಮೂರು ಮಾತ್ರ ಮರ್ಮವೆನಿಸಿಕೊಳ್ಳುತ್ತವೆ ಎಂಬುದು ಅದರ ನಿಯಮ. ಕಡತವನ್ನು ಸಂಕ್ಷೇಪಿಸಲು ಕುಳಿತವನಿಗೆ ಇದಕ್ಕಿಂತ ಒಳ್ಳೆಯ ಜರಡಿ ಇಂದಿಗೂ ದೊರೆತಿಲ್ಲ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಯೋಗವು, ಗಿರಣಿಗೆ ಸಂಬಂಧಿಸಿದುದಲ್ಲದಿದ್ದರೂ, ಈ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಹೆರಿಗೆಗಾಗಿ 29 ಅಂಶಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಅದನ್ನು ಪರೀಕ್ಷಿಸಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಟ್ಟಿ ಬರುವ ಮುನ್ನ ಪ್ರತಿ ಹೆರಿಗೆಯಲ್ಲಿ ಆ 29 ಕಾರ್ಯಗಳ ಪೈಕಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಬಂದ ಮೇಲೆ 25 ನಡೆದವು. ಇದರಿಂದ ಉತ್ತೇಜಿತರಾಗಿ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದ ವರದಿ 2017ರಲ್ಲಿ ಹೊರಬಂದಿತು. ಅಲ್ಲಿ ಪಕ್ಕದಲ್ಲಿ ನಿಂತು ಹೇಳಿಕೊಡುವ ಮಾರ್ಗದರ್ಶಕರು ಎಂಟು ತಿಂಗಳ ಕಾಲ ಬಂದುಹೋಗುವ ಏರ್ಪಾಡಿತ್ತು. ಎರಡು ತಿಂಗಳಾದಾಗ ಗಮನಿಸಿದ ಅಗತ್ಯ ಕಾರ್ಯಗಳಲ್ಲಿ ಶೇಕಡ 73ರಷ್ಟು ನಡೆಯುತ್ತಿದ್ದವು. ಮಾರ್ಗದರ್ಶಕರು ಬರುವುದು ನಿಂತ ಮೇಲೆ, ಹನ್ನೆರಡನೆಯ ತಿಂಗಳಿನಲ್ಲಿ, ಅದು ಶೇಕಡ 62ಕ್ಕೆ ಇಳಿದಿತ್ತು. ತಾಯಿ ಮಕ್ಕಳ ಮರಣದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯು ನಡವಳಿಕೆಯನ್ನು ಬದಲಿಸಬಲ್ಲುದು, ಆದರೆ ಒಬ್ಬ ಮನುಷ್ಯನು ಅದರ ಜೊತೆಗೆ ನಿಂತಿರುವವರೆಗೆ ಮಾತ್ರ ಪೂರ್ಣವಾಗಿ. ನಡವಳಿಕೆ ಬದಲಾದ ಮಾತ್ರಕ್ಕೆ ಅಂತಿಮ ಫಲ ಬದಲಾಗಿಯೇ ತೀರುವುದೆಂಬ ಭರವಸೆಯೂ ಇಲ್ಲ. ಈ ಎರಡು ಪಾಠಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗಿರಣಿಯೊಳಕ್ಕೆ ಹೋಗೋಣ.

ಹೊನ್ನಾಳಿಯ ಕಡೆಯ ಒಂದು ಸಾಧಾರಣ ಅಕ್ಕಿ ಗಿರಣಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಭತ್ತವು ಮೊದಲು ಜರಡಿಯಲ್ಲಿ ಕಸಕಡ್ಡಿಯನ್ನೂ, ಕಲ್ಲು ತೆಗೆಯುವ ಯಂತ್ರದಲ್ಲಿ ಕಲ್ಲನ್ನೂ ಕಳೆದುಕೊಂಡು, ಎಲಿವೇಟರಿನ ಬಟ್ಟಲುಗಳಲ್ಲಿ ಮೇಲೇರಿ ಶೆಲ್ಲರಿಗೆ ಬೀಳುತ್ತದೆ. ಅಲ್ಲಿ ಒಂದೇ ಗಾತ್ರದ ಎರಡು ರಬ್ಬರ್ ರೋಲುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ, ಒಂದು ಇನ್ನೊಂದಕ್ಕಿಂತ ಸುಮಾರು ಕಾಲುಭಾಗ ಹೆಚ್ಚಿನ ವೇಗದಲ್ಲಿ ಸುತ್ತುತ್ತಿರುತ್ತವೆ. ಆ ವೇಗದ ಅಂತರದಿಂದಲೇ ಕಾಳಿನ ಹೊಟ್ಟು ಜಾರಿ ಕಳಚುವುದು. ಕಳಚಿದ ಹೊಟ್ಟನ್ನು ಗಾಳಿಯು ಹೊರಗೆ ಎಳೆದೊಯ್ಯುತ್ತದೆ. ಸುಲಿಯದೆ ಉಳಿದ ಭತ್ತವನ್ನು ಮುಂದಿನ ಯಂತ್ರವು ಬೇರ್ಪಡಿಸಿ ಶೆಲ್ಲರಿಗೇ ಹಿಂದಿರುಗಿಸುತ್ತದೆ. ಸುಲಿದ ಅಕ್ಕಿ ಪಾಲಿಶರಿಗೆ ಹೋಗಿ ತೌಡನ್ನು ಬಿಡುತ್ತದೆ. ಕೈಯಿಂದ ಹೊಂದಿಸುವ ಶೆಲ್ಲರಿನ ಬಳಿ ನಿಲ್ಲಬೇಕಾದ ಹೊಸ ಹೆಲ್ಪರನಿಗೆ ಒಂದು ಪುಟವನ್ನು ಸಿದ್ಧಪಡಿಸುವುದು ನಮ್ಮ ಕೆಲಸ.

ಕಡತವನ್ನು ತೆರೆದರೆ ಅದರಲ್ಲಿ ಶೆಲ್ಲರಿನ ರಚನೆ, ರೋಲುಗಳ ಅಳತೆ, ಭತ್ತದ ತೇವಾಂಶದ ಮಿತಿ, ಮೋಟಾರಿನ ಸಾಮರ್ಥ್ಯ, ಗ್ರೀಸು ಹಾಕುವ ದಿನಗಳು, ರೋಲು ಬದಲಿಸುವ ವಿಧಾನ, ಗಿರಣಿಯ ಯಂತ್ರಗಳನ್ನೆಲ್ಲ ಆರಂಭಿಸುವ ಕ್ರಮ, ದಾಖಲೆ ಪುಸ್ತಕದ ನಮೂನೆ ಇವೆಲ್ಲ ಇರುತ್ತವೆ. ಮೊದಲನೆಯ ಸೋಸುವಿಕೆ ವ್ಯಕ್ತಿಯನ್ನು ಅನುಸರಿಸತಕ್ಕುದು: ಈ ಸ್ಥಳದಲ್ಲಿ ನಿಲ್ಲುವ ಈ ಮನುಷ್ಯನ ಕೈಯಿಂದ ನಡೆಯದ ಯಾವ ಕೆಲಸಕ್ಕೂ ಪುಟದಲ್ಲಿ ಎಡೆಯಿಲ್ಲ. ರೋಲು ಬದಲಿಸುವವನು ಆಪರೇಟರ್; ಗ್ರೀಸು ಹಾಕುವವನು ಫಿಟ್ಟರ್; ತೇವಾಂಶ ನೋಡುವವನು ಭತ್ತವನ್ನು ಒಳಗೆ ತೆಗೆದುಕೊಳ್ಳುವವನು. ಭತ್ತವು ಶೇಕಡ 13 ರಿಂದ 14ರ ತೇವಾಂಶದಲ್ಲಿದ್ದರೆ ಸುಲಿಯುವುದು ಸುಗಮ, ಅತಿ ಒಣಗಿದರೆ ನುಚ್ಚು ಹೆಚ್ಚು, ಹಸಿಯಿದ್ದರೆ ಹೊಟ್ಟು ಬಿಡದೆ ಅಕ್ಕಿ ನಜ್ಜಾಗುತ್ತದೆ ಎಂಬ ಜ್ಞಾನವು ಅತ್ಯಂತ ಮುಖ್ಯವಾದುದಾದರೂ, ಶೆಲ್ಲರಿನ ಮುಂದೆ ನಿಂತ ಹೆಲ್ಪರನು ಅದರ ವಿಷಯದಲ್ಲಿ ಮಾಡಬಹುದಾದುದೇನೂ ಇಲ್ಲ. ಆದುದರಿಂದ ಅದು ತರಬೇತಿಯಲ್ಲಿ ಬಾಯಿಮಾತಿನಿಂದ ತಿಳಿಯತಕ್ಕುದು; ಪುಟಕ್ಕೆ ಸಲ್ಲದು.

ಯಂತ್ರಗಳನ್ನು ಆರಂಭಿಸುವ ಕ್ರಮವು ಈ ಸೋಸುವಿಕೆಗೆ ಒಳ್ಳೆಯ ನಿದರ್ಶನ. ಗಿರಣಿಯನ್ನು ಹೊರಡಿಸುವಾಗ ಸರಕು ಹೊರಬೀಳುವ ಕೊನೆಯ ಯಂತ್ರವನ್ನು ಮೊದಲು, ಭತ್ತ ಸುರಿಯುವ ಯಂತ್ರವನ್ನು ಕಡೆಗೆ ಚಾಲೂ ಮಾಡಬೇಕು; ನಿಲ್ಲಿಸುವಾಗ ಇದರ ವಿಪರ್ಯಯ. ಹೀಗಲ್ಲದೆ ಹಿಂದಿನದನ್ನು ಮೊದಲು ಓಡಿಸಿದರೆ, ಅದು ಕಳುಹಿಸಿದ ಕಾಳು ಮುಂದಿನ ನಿಂತ ಎಲಿವೇಟರಿನ ಬುಡದಲ್ಲಿ ಗಿಡಿದುಕೊಂಡು ಬೆಲ್ಟು ಕಚ್ಚುತ್ತದೆ. ಕಡತದಲ್ಲಿ ಇದಕ್ಕೆ ಸ್ವಿಚ್ಚುಗಳ ಅನುಕ್ರಮವೇ ಇರುತ್ತದೆ. ಆದರೆ ಸ್ವಿಚ್ ಬೋರ್ಡಿನ ಮುಂದೆ ನಿಲ್ಲುವವನು ಆಪರೇಟರ್. ನಮ್ಮ ಹೆಲ್ಪರನ ಪಾಲಿಗೆ ಆ ಅನುಕ್ರಮವೆಲ್ಲವೂ ‘ಆಪರೇಟರ್ ಕೈಸನ್ನೆ ಮಾಡುವ ತನಕ ಭತ್ತದ ಬಾಗಿಲು ತೆರೆಯಬೇಡಿ’ ಎಂಬ ಒಂದೇ ಸಾಲಾಗಿ ನಿಲ್ಲುತ್ತದೆ. ವಿಷಯವನ್ನು ಕಳೆದುಕೊಳ್ಳದೆ ಗಾತ್ರವನ್ನು ಕಳೆಯುವುದೆಂದರೆ ಇದೇ.

ಎರಡನೆಯ ಸೋಸುವಿಕೆ ಪರಿಣಾಮವನ್ನು ಅನುಸರಿಸತಕ್ಕುದು: ತಪ್ಪಿದರೆ ಸರಿಪಡಿಸಲಾಗುವುದೋ ಆಗದೋ? ಎರಡು ರೋಲುಗಳನ್ನು ದೂರವಿಟ್ಟೇ ಭತ್ತದ ಬಾಗಿಲನ್ನು ತೆರೆದರೆ ಒಂದಿಷ್ಟು ಭತ್ತ ಸುಲಿಯದೆ ಕೆಳಕ್ಕೆ ಹೋಗುತ್ತದೆ; ಅದು ಹೇಗೂ ಮತ್ತೆ ಶೆಲ್ಲರಿಗೇ ಬರುವುದರಿಂದ ಆದ ನಷ್ಟವೇನೂ ಇಲ್ಲ. ಅದಕ್ಕೆ ಬದಲಾಗಿ, ಭತ್ತ ಬೀಳುವ ಮುನ್ನವೇ ರೋಲುಗಳನ್ನು ಹತ್ತಿರ ತಂದರೆ ರಬ್ಬರಿಗೆ ರಬ್ಬರು ತಿಕ್ಕಿ, ಬಿಸಿಯೇರಿ, ಸ್ವಲ್ಪ ಹೊತ್ತಿನಲ್ಲೇ ಮೇಲ್ಮೈ ಸುಟ್ಟು ಹಾಳಾಗುತ್ತದೆ. ಆ ರಬ್ಬರು ಮತ್ತೆ ಬಾರದು. ಹೊಸಬನಿಗೆ ಎರಡೂ ಸಣ್ಣ ತಪ್ಪುಗಳಾಗಿ ಒಂದೇ ಬಗೆಯಾಗಿ ತೋರುತ್ತವೆ. ಇಂತಹ ಕಡೆಯಲ್ಲಿ ಪುಟವು ದನಿಯೆತ್ತಿ ಹೇಳಬೇಕು: ಮೊದಲು ಭತ್ತ, ಆಮೇಲೆ ರೋಲು. ನಿಲ್ಲಿಸುವಾಗಲೂ ಭತ್ತದ ಬಾಗಿಲು ಮುಚ್ಚಿದ ಕೂಡಲೇ ರೋಲು ದೂರ ಮಾಡಬೇಕು. ನಡುವೆ ಬೇರೆ ಕೆಲಸ ಸೇರಕೂಡದು.

ಮೂರನೆಯ ಸೋಸುವಿಕೆ ಭಾಷೆಗೆ ಸಂಬಂಧಿಸಿದುದು. ‘ರೋಲುಗಳ ಅಂತರವನ್ನು ಸಮರ್ಪಕವಾಗಿ ಹೊಂದಿಸತಕ್ಕದ್ದು’ ಎಂದು ಕಡತ ಹೇಳಬಹುದು. ಸಮರ್ಪಕವೆಂಬುದನ್ನು ಬಲ್ಲವನಿಗೆ ಆ ವಾಕ್ಯವೇ ಬೇಡ. ಅರಿಯದವನಿಗೆ ಅದರಿಂದ ಪ್ರಯೋಜನವಿಲ್ಲ. ಶೆಲ್ಲರಿನ ಕೆಳಗಿಂದ ಒಂದು ಹಿಡಿ ತೆಗೆದು ನೂರು ಕಾಳು ಎಣಿಸಿದರೆ ಅದರಲ್ಲಿ ಸುಲಿಯದ ಭತ್ತ ಹತ್ತರಿಂದ ಹದಿನೈದರವರೆಗೆ ಇರುವುದು ಸಹಜ. ಹದಿನೈದಕ್ಕಿಂತ ಹೆಚ್ಚಿದ್ದರೆ ರೋಲು ಸಡಿಲವಾಗಿದೆ ಅಥವಾ ಸವೆದಿದೆ. ಒಂದೂ ಉಳಿಯದಂತೆ ಸುಲಿದಿದ್ದರೆ ಸಂತೋಷಪಡಬೇಕಾಗಿಲ್ಲ, ರೋಲು ಅತಿ ಬಿಗಿಯಾಗಿ ಅಕ್ಕಿ ಒಡೆಯುತ್ತಿರುವ ಸಂಭವವೇ ಹೆಚ್ಚು. ಹೀಗೆ ಗುಣವಾಚಕವನ್ನು ಎಣಿಕೆಯನ್ನಾಗಿಸಿದಾಗ ಹೊಸಬನ ಕಣ್ಣಿಗೂ ಹಳಬನ ಕಣ್ಣಿಗೂ ಒಂದೇ ಸಂಗತಿ ಕಾಣುತ್ತದೆ. ಎಣಿಸಿದ ಮೇಲೆ ಏನು ಮಾಡಬೇಕೆಂಬುದನ್ನೂ ಅದೇ ಸಾಲು ಹೇಳಬೇಕು. ಮೊದಲ ಸುಗ್ಗಿಯ ಹೆಲ್ಪರನ ಮಟ್ಟಿಗೆ ಅದು ಆಪರೇಟರನ್ನು ಕರೆಯುವುದೇ ಹೊರತು ತಾನೇ ಚಕ್ರ ತಿರುಗಿಸುವುದಲ್ಲ.

ಇಷ್ಟು ಸೋಸಿದ ಮೇಲೆ ಉಳಿಯುವ ಪುಟದ ಸ್ವರೂಪ ಹೀಗಿರಬಹುದು:

ಆರಂಭಕ್ಕೆ ಮುನ್ನ
1. ಟವಲು ತೆಗೆದಿಡಿ, ಸೆರಗು, ಸಡಿಲ ತೋಳು ಬಿಗಿಯಾಗಿ ಕಟ್ಟಿ.
2. ಬೆಲ್ಟಿನ ಜಾಲರಿ ಅದರ ಸ್ಥಳದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕೆಲಸ ಆರಂಭಿಸಬೇಡಿ.
3. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಚೂರು ತೆಗೆಯಿರಿ.
4. ಎರಡು ರೋಲುಗಳು ದೂರವಿವೆಯೇ ನೋಡಿ.

ಆರಂಭದಲ್ಲಿ
5. ಆಪರೇಟರ್ ಕೈಸನ್ನೆ ಮಾಡುವ ತನಕ ಭತ್ತದ ಬಾಗಿಲು ತೆರೆಯಬೇಡಿ.
6. ಮೊದಲು ಭತ್ತ, ಆಮೇಲೆ ರೋಲು.
7. ಭತ್ತ ರೋಲಿನ ಪೂರ್ತಿ ಅಗಲಕ್ಕೆ ಬೀಳುತ್ತಿದೆಯೇ ನೋಡಿ.
8. ನೂರು ಕಾಳು ಎಣಿಸಿ. ಸುಲಿಯದ್ದು 10ಕ್ಕಿಂತ ಕಡಿಮೆ ಅಥವಾ 15ಕ್ಕಿಂತ ಹೆಚ್ಚು ಇದ್ದರೆ ಆಪರೇಟರನ್ನು ಕರೆಯಿರಿ.

ನಿಲ್ಲಿಸುವಾಗ
9. ಭತ್ತದ ಬಾಗಿಲು ಮುಚ್ಚಿ. ಕೂಡಲೇ ರೋಲು ದೂರ ಮಾಡಿ.

ಕರೆಂಟು ಹೋದರೆ
10. ಬಾಗಿಲು ಮುಚ್ಚಿ, ರೋಲು ದೂರ ಮಾಡಿ. ಎಲಿವೇಟರಿನ ಬುಡಕ್ಕೆ ಕೈ ಹಾಕಬೇಡಿ.

ಹತ್ತು ಸಾಲು. ಏಳನೆಯ ಸಾಲು ಯಾಕಿದೆಯೆಂದರೆ, ಭತ್ತ ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ರೋಲು ಆ ಪಕ್ಕದಲ್ಲಿ ಮಾತ್ರ ಸವೆದು ಗುಳಿಬೀಳುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಒಂದು ಕಡೆ ಸುಲಿಯದು, ಇನ್ನೊಂದು ಕಡೆ ಒಡೆಯುವುದು ತಪ್ಪದು. ಹತ್ತನೆಯ ಸಾಲಿಗೆ ಕಾರಣ ಇನ್ನೂ ಗಂಭೀರವಾದುದು. ಕರೆಂಟು ಹೋದಾಗ ಯಂತ್ರ ನಿಶ್ಚಲವಾಗಿ ನಿರಪಾಯವಾಗಿ ಕಾಣುತ್ತದೆ. ಬುಡದಲ್ಲಿ ಗಿಡಿದ ಭತ್ತವನ್ನು ಬಿಡಿಸಲು ಉತ್ಸಾಹಿಯಾದ ಹೊಸಬನು ಕೈಹಾಕುತ್ತಾನೆ. ಸ್ವಿಚ್ಚು ಆರಿಸದೆ ಇದ್ದಲ್ಲಿ ಕರೆಂಟು ಬಂದ ಕ್ಷಣದಲ್ಲಿ ಬೆಲ್ಟು ಹೊರಡಬಹುದು. ಇಂತಹ ಕಾರಣಗಳು ಪುಟದಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಪುಟವನ್ನು ಕೈಗೆ ಕೊಡುವ ದಿನ ಪ್ರತಿಯೊಂದು ಸಾಲಿನ ಕಾರಣವನ್ನೂ ಯಂತ್ರದ ಮುಂದೆ ನಿಂತು, ಸುಟ್ಟ ರೋಲೊಂದನ್ನು ತೋರಿಸಿ ಹೇಳದಿದ್ದರೆ, ಹೊಸಬನು ಯಾವ ಸಾಲನ್ನು ಎಂದಿಗೂ ಬಿಡಬಾರದೆಂಬುದನ್ನು ಅರಿಯಲಾರನು.

ಈ ಬಗೆಯ ಪುಟವನ್ನು ಬಳಸುವ ರೀತಿಯೂ ಎರಡು. ಸಾಲನ್ನು ಓದಿ ಕೆಲಸ ಮಾಡುವುದು ಒಂದು. ನೆನಪಿನಿಂದ ಕೆಲಸ ಮಾಡಿ ಮುಗಿಸಿ, ಆಮೇಲೆ ಪಟ್ಟಿಯೊಡನೆ ತಾಳೆ ನೋಡುವುದು ಇನ್ನೊಂದು. ಮೊದಲ ದಿನಗಳಲ್ಲಿ ಹೆಲ್ಪರನಿಗೆ ಮೊದಲನೆಯದೇ ಯುಕ್ತ. ಕೈ ಪಳಗಿದ ಮೇಲೆ ಅವನನ್ನು ಹಾಗೆಯೇ ಓದಿಸುತ್ತ ಹೋದರೆ ಅದು ಕೇವಲ ಗುರುತು ಹಾಕುವ ಕರ್ಮವಾಗಿ ಪರಿಣಮಿಸುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಎಲ್ಲ ಚೌಕಗಳಿಗೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಎಳೆದ ಗೆರೆಗಳು ಕಂಡರೆ ಪುಟವು ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು. ಇದಕ್ಕೆ ಪರಿಹಾರವು ಹೆಚ್ಚು ಚೌಕಗಳಲ್ಲ. ಎಂಟನೆಯ ಸಾಲಿನ ಎಣಿಕೆಯಂತೆ, ಮಾಡದೆ ಬರೆಯಲಾಗದ ಒಂದು ಅಂಕಿಯನ್ನು ಬರೆಸುವುದು.

ಚನ್ನಗಿರಿಗೆ ಬಂದರೆ ಈ ವಿಧಾನದ ಗಡಿ ಗೋಚರವಾಗುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸಿನ ನೆಲೆಯಾದ ಆ ಊರಿನ ಸುತ್ತಲಲ್ಲಿ, ಹಸಿ ಅಡಿಕೆಯನ್ನು ಸುಲಿದು, ಹಿಂದಿನ ಬೇಯಿಕೆಯಿಂದ ಉಳಿದ ಚೊಗರನ್ನು ಸೇರಿಸಿ ಹಂಡೆಯಲ್ಲಿ ಬೇಯಿಸಿ ಒಣಗಿಸುವುದು ಪದ್ಧತಿ. ಸುಲಿಯುವ ಯಂತ್ರಕ್ಕೆ ಮೇಲೆ ಹೇಳಿದಂತಹ ಪುಟವನ್ನು ಸುಲಭವಾಗಿ ಬರೆಯಬಹುದು. ಹಂಡೆಗೆ ಬರೆಯಲಾಗದು. ಕಾಯಿಯ ಬಲಿತ, ಹಂಡೆಗೆ ತುಂಬಿದ ಪ್ರಮಾಣ, ಚೊಗರಿನ ಸಾಂದ್ರತೆ, ಬೆಂಕಿಯ ಬಿರುಸು ಇವು ದಿನದಿನಕ್ಕೆ ಬದಲಾಗುವುದರಿಂದ ‘ಇಷ್ಟು ನಿಮಿಷ ಬೇಯಿಸಿ’ ಎಂದು ಬರೆದ ಪುಟವು ಒಂದು ದಿನ ಸರಿಯಾಗಿ ಹಲವು ದಿನ ತಪ್ಪಾಗುತ್ತದೆ; ಬೇಯಿಕೆ ತಪ್ಪಿದ ಅಡಿಕೆಗೆ ಬಣ್ಣ ಬಾರದೆ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ. ಇಲ್ಲಿ ಪುಟವು ತೀರ್ಪನ್ನು ಕೊಡಲು ಹೋಗದೆ, ತೀರ್ಪಿಗೆ ಬೇಕಾದ ಸಂದರ್ಭವನ್ನು ಒದಗಿಸಿದರೆ ಸಾಕು: ಯಾವ ತೋಟದ ಅಡಿಕೆ ಎಷ್ಟು ಹಾಕಿದಿರೆಂದು ಬರೆಯಿರಿ, ಕುದಿ ಬಂದ ಹೊತ್ತು ಬರೆಯಿರಿ, ಮೇಸ್ತ್ರಿ ಅಡಿಕೆ ತೆಗೆದು ಕತ್ತರಿಸಿ ನೋಡುವ ತನಕ ಬೆಂಕಿ ಆರಿಸಬೇಡಿ, ಅವರು ಕತ್ತರಿಸಿದ ಅಡಿಕೆಯನ್ನು ನೀವೂ ನೋಡಿ. ಕೊನೆಯ ಸಾಲು ಬೋಧನೆಯನ್ನು ಕೆಲಸದೊಳಗೇ ಸೇರಿಸುತ್ತದೆ. ಚನ್ನಗಿರಿಯಂತೆ ನ್ಯಾಮತಿಯ ತೋಟಗಳ ಬೇಯಿಕೆಗೂ ಈ ಮಾತು ಸಲ್ಲುತ್ತದೆ.

ಜಗಳೂರಿನ ಮೆಕ್ಕೆಜೋಳದ ಗೋದಾಮಿನಲ್ಲಿ ಕಷ್ಟವು ಬೇರೆ ತೆರನಾದುದು. ಅಲ್ಲಿ ಅಳತೆಯುಂಟು: ತೇವಾಂಶದ ಮೀಟರು ಶೇಕಡ 14ಕ್ಕಿಂತ ಹೆಚ್ಚು ತೋರಿದ ಜೋಳವನ್ನು ಒಟ್ಟಿದರೆ ಅದು ಬಿಸಿಯೇರಿ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿ ದನಗಳಿಗೂ ಅಪಾಯಕರ. ಆದರೆ ಅಂಕಿ ಸ್ಪಷ್ಟವಾಗಿರುವುದರಿಂದಲೇ ಹೊಸಬನು ಕೈಗೆ ಸಿಕ್ಕ ಮೇಲಿನ ಚೀಲವೊಂದನ್ನು ನೋಡಿ ತೃಪ್ತನಾಗುವನು. ಲಾರಿಯ ಮೇಲೆ ಬಿಸಿಲಿಗೆ ಒಡ್ಡಿಕೊಂಡ ಚೀಲ ಒಣಗಿದ್ದು, ಒಳಗಿನದು ಹಸಿಯಾಗಿರುವುದುಂಟು. ಇಲ್ಲಿ ಪುಟವು ಮಿತಿಯನ್ನು ಹೇಳುವುದಕ್ಕಿಂತ ಮಾದರಿಯನ್ನು ಎಲ್ಲೆಲ್ಲಿಂದ ತೆಗೆಯಬೇಕೆಂಬುದನ್ನು ಹೇಳಬೇಕು: ಮೇಲಿನ, ನಡುವಿನ, ತಳದ ಚೀಲಗಳಿಂದ; ಮೂರರಲ್ಲಿ ಹೆಚ್ಚಿನ ಅಂಕಿ ಯಾವುದೋ ಅದನ್ನೇ ಬರೆಯಬೇಕು, ಸರಾಸರಿಯನ್ನಲ್ಲ. ಏಕೆಂದರೆ ಬೂಷ್ಟು ಹಸಿ ಚೀಲದಿಂದಲೇ ಆರಂಭವಾಗುತ್ತದೆ.

ಇನ್ನು ಲಿಪಿಯ ವಿಚಾರ. ಕಾರ್ಖಾನೆಯಲ್ಲಿ ಪ್ರದರ್ಶಿಸುವ ಕಾನೂನಿನ ಸೂಚನೆಗಳು ಇಂಗ್ಲಿಷಿನ ಜೊತೆಗೆ ಕೆಲಸಗಾರರಲ್ಲಿ ಬಹುಮಂದಿಗೆ ತಿಳಿಯುವ ಭಾಷೆಯಲ್ಲಿಯೂ ಇರತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಕೆಲಸದ ಪುಟಕ್ಕೆ ಇಷ್ಟು ಸಾಲದು. ಅಲ್ಪಸಂಖ್ಯಾತನಾದ ಒಬ್ಬನೇ ಹೆಲ್ಪರನ ಕೈಯೂ ಬೆಲ್ಟಿಗೆ ಸಿಕ್ಕಬಹುದು. ಕನ್ನಡ ಓದಲಾರದವನಿಗಾಗಿ ಹಿಂದಿಯಲ್ಲಿ ಇನ್ನೊಂದು ಪುಟವನ್ನೂ, ಓದನ್ನೇ ಅರಿಯದವನಿಗಾಗಿ ಸಾಲಿನ ಪಕ್ಕದಲ್ಲಿ ಅದೇ ಯಂತ್ರದ ಛಾಯಾಚಿತ್ರವನ್ನೂ ಹಾಕಬೇಕು. ಪುಸ್ತಕದಿಂದ ತೆಗೆದ ಬೇರೊಂದು ಯಂತ್ರದ ಚಿತ್ರವು, ಚಕ್ರ ಬೇರೆ ಕಡೆಯಲ್ಲಿರುವುದರಿಂದ, ಇಲ್ಲದಿರುವುದಕ್ಕಿಂತ ಕೆಟ್ಟದು. ಪುಟ ಸಿದ್ಧವಾಯಿತೆಂದು ಬರೆದವನು ತೀರ್ಮಾನಿಸಬಾರದು. ಹಿಂದೆ ಯಂತ್ರವನ್ನು ಮುಟ್ಟದ ಒಬ್ಬನ ಕೈಗೆ ಅದನ್ನು ಕೊಟ್ಟು, ಆಪರೇಟರ್ ಪಕ್ಕದಲ್ಲಿ ಮೌನವಾಗಿ ನಿಂತಿರಲು, ಯಂತ್ರ ನಿಂತಿರುವಾಗ ಅವನಿಂದ ಹತ್ತು ಸಾಲನ್ನೂ ನಟಿಸಿ ತೋರಿಸುವಂತೆ ಹೇಳಬೇಕು. ಅವನು ತಡೆದು ನಿಂತ ಸಾಲು ತಿದ್ದಬೇಕಾದ ಸಾಲು. ರೋಲಿನ ಬಗೆ ಬದಲಾದ ದಿನ, ಹೊಸ ಯಂತ್ರ ಬಂದ ದಿನ ಹಳೆಯ ಪುಟವನ್ನು ಗೋಡೆಯಿಂದ ತೆಗೆಯುವುದೂ ಇದೇ ಕೆಲಸದ ಭಾಗ. ಇದಕ್ಕಾಗಿ ಪುಟದ ಅಡಿಯಲ್ಲಿ ತಾರೀಖು ಮತ್ತು ತಿದ್ದುವ ಅಧಿಕಾರವುಳ್ಳವನ ಹೆಸರು ಇರತಕ್ಕುದು.

ಎಲ್ಲವನ್ನೂ ತೂಗಿ ನೋಡಿದರೆ ತೀರ್ಮಾನ ಇಷ್ಟು. ಒಂದು ಪುಟವು ಒಬ್ಬ ವ್ಯಕ್ತಿಯ, ಒಂದು ಸ್ಥಳದ, ಹಿಂದಿರುಗಿಸಲಾಗದ ತಪ್ಪುಗಳನ್ನು ತಡೆಯಬಲ್ಲುದು. ಅಳತೆಯುಳ್ಳ ಕಡೆ ಎಣಿಕೆಯನ್ನು ಕೊಡಬಲ್ಲುದು. ಅಳತೆಯಿಲ್ಲದ ಕಡೆ ಬಲ್ಲವನನ್ನು ಕರೆಯುವ ಗಳಿಗೆಯನ್ನು ಸೂಚಿಸಬಲ್ಲುದು. ಕೆಲಸವನ್ನು ಕಲಿಸುವುದು ಅದರಿಂದ ಆಗದು. ಸುಗ್ಗಿಗೆ ಮುನ್ನ ಪುಟವನ್ನು ಅಚ್ಚುಹಾಕಿಸುವ ಗಿರಣಿಯ ಯಜಮಾನರು, ಮೊದಲ ವಾರಗಳಲ್ಲಿ ಹೊಸಬನ ಪಕ್ಕದಲ್ಲಿ ನಿಲ್ಲುವುದಕ್ಕೆಂದು ಒಬ್ಬ ಹಳೆಯ ಆಪರೇಟರಿನ ಪಾಳಿಯಿಂದ ಸ್ವಲ್ಪ ಹೊತ್ತನ್ನೂ ಬಿಡಿಸಿಕೊಡಬೇಕು. ಅದಕ್ಕೆ ಸಿದ್ಧರಿಲ್ಲದಿದ್ದರೆ ಅಚ್ಚಿನ ಖರ್ಚನ್ನೂ ಉಳಿಸಿಕೊಳ್ಳುವುದೇ ಲೇಸು.